ಸೈಡ್ ವೀಲ್ ಸ್ಕೂಟರ್, ಆಟೋಮ್ಯಾಟಿಕ್ ಕಾರು, ಹ್ಯಾಂಡ್ ಕಂಟ್ರೋಲ್: ಮಲೆನಾಡಿನಲ್ಲಿ ಯಾರಿಗೆ ಯಾವುದು, ಆರ್‌ಸಿ-ಡಿಎಲ್‌ನಲ್ಲಿ ಯಾವುದು ಹೇಗೆ

ಕಾಲಿನ ಬಲ ಕಡಿಮೆ ಇರುವವರು ಗಾಡಿ ತಗೊಳ್ಳಲು ಹೊರಟಾಗ ಮೊದಲು ಕೇಳುವುದು ಯಾವ ಕಂಪನಿಯ ಗಾಡಿ ಒಳ್ಳೆಯದು ಅಂತ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ನನ್ನ ಹತ್ತಿರ ವಿಚಾರಿಸುವವರನ್ನು ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ: ತೊಂದರೆ ಇರುವುದು ಯಾವ ಕಾಲಿಗೆ, ಮತ್ತು ಮನೆಯಿಂದ ಟಾರ್ ರಸ್ತೆಗೆ ಬರುವ ದಾರಿ ಎಂಥದ್ದು? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಗಾಡಿಯ ಆಯ್ಕೆ ಅರ್ಧ ಮುಗಿದಂತೆ. ಉಳಿದರ್ಧ ಕಾಗದದ್ದು. ಒಂದೊಂದು ಬಗೆಯ ಗಾಡಿಯೂ ಆರ್‌ಸಿಯಲ್ಲಿ, ಡಿಎಲ್‌ನಲ್ಲಿ ಬೇರೆ ಬೇರೆ ರೀತಿ ದಾಖಲಾಗಬೇಕು. ಅದು ಸರಿಯಾಗದಿದ್ದರೆ ಗಾಡಿ ಎಷ್ಟೇ ಚೆನ್ನಾಗಿದ್ದರೂ ಒಂದು ಅಪಘಾತವಾದ ದಿನ ಇನ್ಶೂರೆನ್ಸ್ ಕೈಕೊಡುತ್ತದೆ.

ನನ್ನ ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೋಗೆ ಹೋದದ್ದು. ಸೈಡ್ ವೀಲ್ ಸ್ಕೂಟರ್ ಓಡಿಸಿ, ಈಗ ಆಟೋಮ್ಯಾಟಿಕ್ ಕಾರಿಗೆ ಬಂದಿದ್ದೇನೆ. ಇಲ್ಲಿ ಬರೆಯುವುದು ಕಾಲಿನ ತೊಂದರೆ ಇರುವವರ ವಿಷಯ ಮಾತ್ರ. ಕೈಯ ತೊಂದರೆಗೆ ಬೇಕಾದ ಬದಲಾವಣೆಗಳೇ ಬೇರೆ, ಅವನ್ನು ಇದರೊಳಗೆ ಬೆರೆಸುವುದಿಲ್ಲ.

ಯಾವ ಕಾಲು ಎಂಬುದೇ ಮೊದಲ ಪ್ರಶ್ನೆ

ಕಾರಿನಲ್ಲಿ ಎಡಗಾಲಿಗೆ ಇರುವ ಕೆಲಸ ಒಂದೇ, ಕ್ಲಚ್. ಆಟೋಮ್ಯಾಟಿಕ್ ಕಾರಿನಲ್ಲಿ ಕ್ಲಚ್ ಪೆಡಲೇ ಇಲ್ಲ. ಹಾಗಾಗಿ ಎಡಗಾಲಿಗೆ ಮಾತ್ರ ತೊಂದರೆ ಇದ್ದು ಬಲಗಾಲು ಗಟ್ಟಿಯಾಗಿದ್ದರೆ ಶೋರೂಮಿನಿಂದ ಬಂದ ಆಟೋಮ್ಯಾಟಿಕ್ ಕಾರೇ ಸಾಕು. ಅದಕ್ಕೆ ಏನೂ ಜೋಡಿಸಬೇಕಾಗಿಲ್ಲ.

ಬಲಗಾಲಿಗೆ ತೊಂದರೆ ಇದ್ದರೆ ಆಟೋಮ್ಯಾಟಿಕ್ ಒಂದರಿಂದಲೇ ಆಗುವುದಿಲ್ಲ. ಆಕ್ಸಿಲರೇಟರ್, ಬ್ರೇಕ್ ಎರಡೂ ಬಲಗಾಲಿನವು. ಇಲ್ಲಿ ಎರಡು ದಾರಿಗಳಿವೆ. ಒಂದು, ಬ್ರೇಕ್ ಪೆಡಲಿನ ಎಡಕ್ಕೆ ಇನ್ನೊಂದು ಆಕ್ಸಿಲರೇಟರ್ ಪೆಡಲ್ ಜೋಡಿಸಿ ಎರಡನ್ನೂ ಎಡಗಾಲಲ್ಲೇ ಒತ್ತುವುದು. ಇನ್ನೊಂದು, ಸ್ಟೀರಿಂಗ್ ಪಕ್ಕದಲ್ಲಿ ಒಂದು ಹಿಡಿ ಜೋಡಿಸಿ ಕೈಯಲ್ಲೇ ನಡೆಸುವುದು. ಈ ಎರಡನೆಯದಕ್ಕೆ ಹ್ಯಾಂಡ್ ಕಂಟ್ರೋಲ್ ಎನ್ನುತ್ತಾರೆ. ಸಾಮಾನ್ಯವಾಗಿ ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಬ್ರೇಕ್, ಎಳೆದರೆ ಅಥವಾ ತಿರುಚಿದರೆ ಆಕ್ಸಿಲರೇಟರ್. ಎರಡೂ ಕಾಲಿಗೆ ಬಲವಿಲ್ಲದವರಿಗೆ ಕಾರಿನಲ್ಲಿ ಇರುವುದು ಈ ದಾರಿಯೊಂದೇ.

ಹಳೆಯ ಗೇರ್ ಕಾರಿಗೆ ಆಟೋ ಕ್ಲಚ್ ಕಿಟ್ ಹಾಕಿಸುವುದೂ ಉಂಟು. ದುಡ್ಡು ಉಳಿಯುತ್ತದೆ ನಿಜ. ಆದರೆ ಘಾಟಿಯ ಚಡಾವಿನಲ್ಲಿ ಲಾರಿಯ ಹಿಂದೆ ನಿಂತು ನಿಂತು ಹೊರಡುವ ನಮ್ಮ ಕಡೆಗೆ ನಾನು ಅದನ್ನು ಹೇಳುವುದಿಲ್ಲ. ಕ್ಲಚ್ ಕಾದು ವಾಸನೆ ಬರುವುದು ಅಲ್ಲೇ. ಅದೂ ಒಂದು ಬದಲಾವಣೆಯೇ ಆದ್ದರಿಂದ ಆರ್‌ಟಿಒ ಓಡಾಟವೂ ತಪ್ಪುವುದಿಲ್ಲ.

ಸೈಡ್ ವೀಲ್ ಸ್ಕೂಟರ್ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ

ಎರಡು ಕಾಲಿಗೂ ತೊಂದರೆ ಇರುವವರು ಮೊದಲು ಗಾಡಿ ಹತ್ತುವುದು ಹೆಚ್ಚಾಗಿ ಇದನ್ನೇ. ಗೇರಿಲ್ಲ, ಎರಡೂ ಬ್ರೇಕ್ ಕೈಯಲ್ಲೇ ಇವೆ. ಮೇಲಾಗಿ ವಿಕಲಚೇತನರ ಇಲಾಖೆಯ ಯಂತ್ರಚಾಲಿತ ದ್ವಿಚಕ್ರ ವಾಹನ ಯೋಜನೆಯಲ್ಲಿ ಸಿಗುವುದೂ ಇದೇ. ಆ ಅರ್ಜಿಯ ವಿಷಯಕ್ಕೆ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು ಅಥವಾ ತಾಲ್ಲೂಕು ಮಟ್ಟದ ಎಂಆರ್‌ಡಬ್ಲ್ಯು ಅವರನ್ನು ಕೇಳಿದರೆ ಸಾಕು. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ದಾರಿ ಹೇಳುವವರೂ ಅವರೇ.

ಸ್ಕೂಟರಿನ ಹಿಂದಿನ ಚಕ್ರ ಇದ್ದಲ್ಲೇ ಇರುತ್ತದೆ, ಅದರ ಎರಡೂ ಪಕ್ಕಕ್ಕೆ ಒಂದೊಂದು ಚಕ್ರ ಕೂರುತ್ತದೆ. ಗಾಡಿಯನ್ನು ಮುಂದೆ ತಳ್ಳುವುದು ನಡುವಿನ ಚಕ್ರ ಮಾತ್ರ, ಪಕ್ಕದವು ಊರುಗೋಲಷ್ಟೇ. ಇದನ್ನು ತಿಳಿದುಕೊಂಡರೆ ಮಲೆನಾಡಿನ ಅರ್ಧ ತೊಂದರೆಗಳು ತಾವಾಗಿಯೇ ಅರ್ಥವಾಗುತ್ತವೆ.

ತೋಟದ ಮನೆಗೆ ಹೋಗುವ ಮಣ್ಣುದಾರಿಯನ್ನು ನೋಡಿ. ಜೀಪು, ಪಿಕಪ್ ಓಡಾಡಿ ಎರಡು ಕಡೆ ಚಕ್ರದ ಗುಂಡಿ ಬಿದ್ದು, ನಡುವೆ ಹುಲ್ಲಿನ ದಿಣ್ಣೆ ಎದ್ದಿರುತ್ತದೆ. ಆ ದಿಣ್ಣೆಯ ಮೇಲೆ ನಡುಚಕ್ರ ಹತ್ತಿದರೆ ಪಕ್ಕದ ಚಕ್ರಗಳು ಗುಂಡಿಯ ಮೇಲೆ ತೇಲುತ್ತವೆ, ಗಾಡಿ ಒಂದು ಕಡೆಗೆ ವಾಲಿ ಕೂರುತ್ತದೆ. ಹಾಗಾಗದಿರಲಿ ಅಂತ ಒಂದು ಗುಂಡಿಯೊಳಗೆ ನಡುಚಕ್ರ ಇಳಿಸಿದರೆ ಇನ್ನೊಂದು ತೊಂದರೆ. ಪಕ್ಕದ ಚಕ್ರಗಳು ಎರಡೂ ಅಂಚಿನ ಮೇಲೆ ನಿಂತು ಗಾಡಿಯನ್ನು ಎತ್ತಿ ಹಿಡಿಯುತ್ತವೆ. ನಡುಚಕ್ರಕ್ಕೆ ನೆಲ ಸಿಗದೆ ಕೆಸರನ್ನು ಎರಚುತ್ತಾ ಇದ್ದಲ್ಲೇ ತಿರುಗುತ್ತದೆ. ಮಳೆಗಾಲದಲ್ಲಿ ಒಬ್ಬರೇ ಇದ್ದಾಗ ಹೀಗಾದರೆ ಇಳಿದು ತಳ್ಳುವ ಹಾಗೂ ಇಲ್ಲ, ಹಿಂದೆ ತೆಗೆಯುವ ಹಾಗೂ ಇಲ್ಲ. ಸ್ಕೂಟರಿಗೆ ರಿವರ್ಸ್ ಗೇರ್ ಇಲ್ಲವಲ್ಲ. ಅದನ್ನೂ ಜೋಡಿಸಿಕೊಡುವ ಕಿಟ್‌ಗಳಿವೆ, ಒಳದಾರಿಯ ಮನೆಯವರು ಅದನ್ನು ಬಿಡಬೇಡಿ.

ಕಾಲುಸಂಕ ದಾಟಿ ಹೋಗುವ ಮನೆಗೆ ಈ ಸ್ಕೂಟರ್ ಆಗುವುದಿಲ್ಲ, ಅಗಲ ಸಾಲುವುದಿಲ್ಲ. ಅಂಗಳದ ದಣಪೆಯನ್ನೂ ಅಳೆದು ನೋಡಿ. ಮೇಲಿಂದ ಇಳಿಯದೆ ಅದನ್ನು ತೆಗೆಯಲು ಬರುವುದಿಲ್ಲ ಎಂದಾದರೆ ಸರಿಸುವ ಬೊಂಬಿನ ಜಾಗಕ್ಕೆ ತಳ್ಳಿದರೆ ತೆರೆಯುವ ಗೇಟು ಹಾಕಿಸುವುದೇ ಒಳ್ಳೆಯದು.

ಇನ್ನು ತಿರುವು. ಸಾಮಾನ್ಯ ಸ್ಕೂಟರನ್ನು ತಿರುವಿನಲ್ಲಿ ಒಳಕ್ಕೆ ವಾಲಿಸಿ ಓಡಿಸುತ್ತೇವೆ. ಸೈಡ್ ವೀಲ್ ಇದ್ದದ್ದು ವಾಲುವುದಿಲ್ಲ. ವೇಗ ಸ್ವಲ್ಪ ಹೆಚ್ಚಾದರೂ ಒಳಗಿನ ಪಕ್ಕದ ಚಕ್ರ ನೆಲ ಬಿಟ್ಟು, ಭಾರವೆಲ್ಲ ಹೊರಗಿನದರ ಮೇಲೆ ಬೀಳುತ್ತದೆ. ಆಗುಂಬೆ ಘಾಟಿಯ ಹೇರ್‌ಪಿನ್‌ಗಳಲ್ಲಿ ಇಳಿಯುವಾಗ ಇದು ಅಪಾಯವೇ. ಗೇರಿಲ್ಲದ ಸ್ಕೂಟರಿನಲ್ಲಿ ಇಳಿಜಾರಿಗೆ ಎಂಜಿನ್ ಹಿಡಿತ ಕಡಿಮೆ, ಹಾಗಾಗಿ ಪೂರ್ತಿ ಬ್ರೇಕ್ ಮೇಲೆಯೇ ಇಳಿಯಬೇಕು. ಪಕ್ಕದ ಚಕ್ರಗಳಿಗೆ ಹೆಚ್ಚಿನ ಕಿಟ್‌ಗಳಲ್ಲಿ ಬ್ರೇಕೇ ಇರುವುದಿಲ್ಲ. ಕಿಟ್ಟಿನ ತೂಕ ಸೇರಿ ಡ್ರಮ್ ಕಾಯುತ್ತದೆ, ಲಿವರ್ ಹ್ಯಾಂಡಲ್ ತನಕ ಬರಲು ಶುರುವಾಗುತ್ತದೆ. ಹಾಗಾದರೆ ನಿಲ್ಲಿಸಿ ಆರಲು ಬಿಡಬೇಕು. ಊರಿನಿಂದ ಪೇಟೆಗೆ, ಸೊಸೈಟಿಗೆ, ಶಾಲೆಗೆ ಈ ಸ್ಕೂಟರ್ ಚೆನ್ನಾಗಿ ಆಗುತ್ತದೆ. ಘಾಟಿ ಇಳಿದು ಉಡುಪಿ ಕಡೆ ಓಡಾಡುವವರಿಗೆ ನಾನು ಇದನ್ನು ಹೇಳಲಾರೆ.

ಕಿಟ್ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ನೋಡುವುದು ಸುಲಭ. ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನೀವು ಗಾಡಿ ಮೇಲೆ ಕೂತಿರುವಾಗ ಇನ್ನೊಬ್ಬರು ಹಿಂದಿನಿಂದ ನೋಡಲಿ. ನಡುಚಕ್ರದ ಮೇಲೆ ಭಾರ ಚೆನ್ನಾಗಿ ಬಿದ್ದು ಟೈರ್ ಸ್ವಲ್ಪ ಅಮುಕಿರಬೇಕು, ಪಕ್ಕದ ಎರಡೂ ಸಮವಾಗಿ ನೆಲ ಮುಟ್ಟಿರಬೇಕು. ಪಕ್ಕದವೇ ಹೆಚ್ಚು ಭಾರ ಹೊತ್ತಿದ್ದರೆ ಒದ್ದೆ ರಸ್ತೆಯಲ್ಲಿ ನಡುಚಕ್ರ ಜಾರುತ್ತದೆ. ಕೆಲವು ತಿಂಗಳಲ್ಲೇ ಪಕ್ಕದ ಒಂದು ಟೈರು ಅಂಚಿನಲ್ಲಿ ಮಾತ್ರ ಸವೆದಿದ್ದರೆ ಜೋಡಣೆ ಸೊಟ್ಟಗಿದೆ ಎಂದೇ ತಿಳಿಯಬೇಕು.

ಕಾರಿನಲ್ಲಿ ಚಡಾವು ಎಂಬ ಪರೀಕ್ಷೆ

ಎಡಗಾಲಿನ ಆಕ್ಸಿಲರೇಟರಿನ ದೊಡ್ಡ ಅನುಕೂಲವೆಂದರೆ ಎರಡೂ ಕೈ ಸ್ಟೀರಿಂಗ್ ಮೇಲೆಯೇ ಇರುತ್ತವೆ. ಮಲೆನಾಡಿನ ಸುತ್ತು ರಸ್ತೆಗೆ ಇದು ಸಣ್ಣ ಮಾತಲ್ಲ. ಮೊದಲಿನಿಂದಲೂ ಬಲಗಾಲಲ್ಲಿ ಕಾರು ಓಡಿಸದವರು ಇದನ್ನು ಬೇಗ ಕಲಿಯುತ್ತಾರೆ. ಅಪಘಾತದಿಂದ ಬಲಗಾಲು ಕಳೆದುಕೊಂಡ ಹಳೆಯ ಡ್ರೈವರುಗಳಿಗೇ ಕಷ್ಟ. ಗಾಬರಿಯಾದಾಗ ಅವರ ಎಡಗಾಲು ಹಳೆಯ ಅಭ್ಯಾಸದಂತೆ ಕ್ಲಚ್ ಇದ್ದ ಜಾಗವನ್ನು ಒತ್ತುತ್ತದೆ, ಈಗ ಅಲ್ಲಿರುವುದು ಆಕ್ಸಿಲರೇಟರ್. ಇಂಥವರಿಗೆ ಹ್ಯಾಂಡ್ ಕಂಟ್ರೋಲೇ ವಾಸಿ.

ಎಡಗಾಲಿನ ಪೆಡಲ್ ಹಾಕಿಸುವಾಗ ಎರಡು ವಿಷಯ ನೋಡಿಕೊಳ್ಳಬೇಕು. ಮನೆಯವರು ಓಡಿಸುವಾಗ ಅದನ್ನು ಮಡಚುವಂತೆ ಅಥವಾ ಕಳಚುವಂತೆ ಇರಬೇಕು. ಮತ್ತು ಮೂಲ ಆಕ್ಸಿಲರೇಟರಿಗೆ ತಗಡಿನ ಮರೆ ಇರಬೇಕು. ಬಲಗಾಲಿಗೆ ಕ್ಯಾಲಿಪರ್, ಅಂದರೆ ಕಾಲಿಗೆ ಆಸರೆ ಕೊಡುವ ಪಟ್ಟಿ ಹಾಕಿರುವವರ ಬೂಟು ಗುಂಡಿಯ ಕುಲುಕಾಟಕ್ಕೆ ತಾನಾಗಿ ಜರುಗಿ ಆ ಪೆಡಲಿನ ಮೇಲೆ ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಕ್ಯಾಲಿಪರ್ ಹಾಕಿಕೊಂಡೇ ಕೂತು, ಆ ಕಾಲು ಎಲ್ಲಿ ನಿಲ್ಲುತ್ತದೆ ಎಂದು ನೋಡಿಯೇ ಮರೆಯ ಅಳತೆ ಕೊಡಿ.

ಹ್ಯಾಂಡ್ ಕಂಟ್ರೋಲಿನಲ್ಲಿ ಒಂದು ಕೈ ಹಿಡಿಯ ಮೇಲೆ, ಇನ್ನೊಂದು ಸ್ಟೀರಿಂಗ್ ಮೇಲೆ. ಹೇರ್‌ಪಿನ್‌ನಲ್ಲಿ ಒಂದೇ ಕೈಯಲ್ಲಿ ಪೂರ್ತಿ ತಿರುಗಿಸಬೇಕಾದ್ದರಿಂದ ಸ್ಟೀರಿಂಗಿಗೆ ತಿರುಗುವ ಗುಂಡು ಹಿಡಿ ಬೇಕೇ ಬೇಕು. ಈಗ ಚಡಾವಿನ ಮಧ್ಯೆ ಬಸ್ಸಿಗೆ ದಾರಿ ಬಿಟ್ಟು ನಿಂತಿದ್ದೀರಿ ಎಂದುಕೊಳ್ಳಿ. ಎಡಗೈ ಹಿಡಿಯನ್ನು ತಳ್ಳಿಕೊಂಡು ಬ್ರೇಕ್ ಹಿಡಿದಿದೆ. ಹ್ಯಾಂಡ್ ಬ್ರೇಕ್ ಎಳೆಯಲು ಬೇಕಾದದ್ದೂ ಅದೇ ಎಡಗೈ. ಹಿಡಿ ಬಿಟ್ಟ ಕ್ಷಣ ಕಾರು ಹಿಂದಕ್ಕೆ ಜಾರುತ್ತದೆ. ಇದಕ್ಕೆ ಎರಡು ಪರಿಹಾರ ಇವೆ. ಹಿಡಿಯಲ್ಲೇ ಬ್ರೇಕ್ ಲಾಕ್ ಇರುವ ಕಿಟ್ ಆರಿಸುವುದು, ಅಥವಾ ಚಡಾವಿನಲ್ಲಿ ಬ್ರೇಕ್ ಬಿಟ್ಟ ಮೇಲೂ ಕಾರನ್ನು ತಾನಾಗಿ ಹಿಡಿದಿಡುವ ಹಿಲ್ ಹೋಲ್ಡ್ ಇರುವ ಕಾರು ತಗೊಳ್ಳುವುದು. ನಾನು ಎರಡೂ ಇರಲಿ ಎನ್ನುತ್ತೇನೆ. ಹಿಲ್ ಹೋಲ್ಡ್ ಹಿಡಿದಿಡುವುದು ಕೆಲವೇ ಸೆಕೆಂಡು, ಬ್ರೇಕಿನಿಂದ ಆಕ್ಸಿಲರೇಟರಿಗೆ ಕೈ ಬದಲಾಗುವಷ್ಟು ಹೊತ್ತಿಗೆ ಮಾತ್ರ ಅದು ಸಾಲುತ್ತದೆ.

ಇದೇ ಕಾರಣಕ್ಕೆ ಎಎಂಟಿ ಮತ್ತು ಟಾರ್ಕ್ ಕನ್ವರ್ಟರ್ ಎಂಬ ಎರಡು ಬಗೆಯ ಆಟೋಮ್ಯಾಟಿಕ್‌ಗಳ ನಡುವಿನ ವ್ಯತ್ಯಾಸ ನಮಗೆ ಹೆಚ್ಚು ತಟ್ಟುತ್ತದೆ. ಎಎಂಟಿ ಅಗ್ಗ, ಆದರೆ ಒಳಗಿರುವುದು ಮಾಮೂಲಿ ಕ್ಲಚ್ಚೇ. ಹಿಲ್ ಹೋಲ್ಡ್ ಇಲ್ಲದ ಎಎಂಟಿ ಕಾರು ಚಡಾವಿನಲ್ಲಿ ಹಿಂದೆ ಸರಿಯುತ್ತದೆ. ಟಾರ್ಕ್ ಕನ್ವರ್ಟರ್ ಇರುವ ಕಾರು ಬ್ರೇಕ್ ಬಿಟ್ಟರೂ ಮೆಲ್ಲಗೆ ಮುಂದಕ್ಕೆ ಎಳೆಯುತ್ತಿರುತ್ತದೆ, ತೀರಾ ಕಡಿದಾದ ಕಡೆ ಮಾತ್ರ ಜಾರುತ್ತದೆ. ಟೆಸ್ಟ್ ಡ್ರೈವನ್ನು ಶಿವಮೊಗ್ಗದ ಸಪಾಟು ರಸ್ತೆಯಲ್ಲಿ ಮುಗಿಸಿ ಬರಬೇಡಿ. ಕಡಿದಾದ ಒಂದು ಚಡಾವಿಗೆ ಕರೆದುಕೊಂಡು ಹೋಗಿ, ನಡುವೆ ನಿಲ್ಲಿಸಿ, ಹೊರಡಿಸಿ ನೋಡಿ.

ದಾಖಲೆಯಲ್ಲಿ ಮೂರು ಬೇರೆ ಬೇರೆ ಸಂಗತಿಗಳು

ಜನ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಇಲ್ಲಿ. ಗಾಡಿ ಯಾರದ್ದು, ಗಾಡಿ ಎಂಥದ್ದು, ಓಡಿಸುವವರಿಗೆ ಏನು ಓಡಿಸಲು ಅನುಮತಿ ಇದೆ, ಈ ಮೂರೂ ಬೇರೆ ಬೇರೆ ಕಡೆ ಬರೆಯಲ್ಪಡುತ್ತವೆ. ಒಂದು ಸರಿಯಾದರೆ ಉಳಿದವು ತಾವಾಗಿ ಸರಿಯಾಗುವುದಿಲ್ಲ.

ಮೊದಲನೆಯದು ಒಡೆತನ. ಹೊಸ ಗಾಡಿಯ ನೋಂದಣಿಗೆ ಕೊಡುವ ಫಾರಂ 20ರಲ್ಲಿ ಒಡೆತನದ ಬಗೆ ಎಂಬ ಕಾಲಂ ಇದೆ. 2020ರ ಅಕ್ಟೋಬರ್‌ನಲ್ಲಿ ಅದನ್ನು ತಿದ್ದಿ, ದಿವ್ಯಾಂಗಜನ ಎಂಬ ಬಗೆಯನ್ನು ಸೇರಿಸಿದರು. ಜಿಎಸ್‌ಟಿ ರಿಯಾಯಿತಿ ಪಡೆದವರು, ಪಡೆಯದವರು ಎಂದು ಅದರಲ್ಲಿ ಎರಡು ಭಾಗ. ಇದು ಹೇಳುವುದು ಮಾಲೀಕರು ಯಾರು ಎಂಬುದನ್ನು ಮಾತ್ರ. ಗಾಡಿಗೆ ಏನಾದರೂ ಜೋಡಿಸಿದ್ದಾರೆ ಎಂದು ಇದರಿಂದ ತಿಳಿಯುವುದಿಲ್ಲ. ಜಿಎಸ್‌ಟಿಯ ಬಗ್ಗೆ ಒಂದು ಮಾತು: 2025ರ ಸೆಪ್ಟೆಂಬರ್ 22ರಿಂದ 4 ಮೀಟರಿಗಿಂತ ಉದ್ದವಲ್ಲದ, 1200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳಿಗೆ ಎಲ್ಲರಿಗೂ 18% ಆಗಿದೆ. ಮೊದಲು ನಮಗೆ ರಿಯಾಯಿತಿಯಾಗಿ ಸಿಗುತ್ತಿದ್ದ ದರವೂ ಅದೇ 18%. ಹಾಗಾಗಿ ಆ ಲೆಕ್ಕಕ್ಕೋಸ್ಕರ ಮಾದರಿಯ ಆಯ್ಕೆ ಬದಲಿಸಬೇಕಾಗಿಲ್ಲ.

ಎರಡನೆಯದು ಗಾಡಿ. ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲು ಇನ್‌ವ್ಯಾಲಿಡ್ ಕ್ಯಾರೇಜ್ ಎಂಬ ವರ್ಗ ಇತ್ತು. ಅದರ ವ್ಯಾಖ್ಯೆ ಬಿಗಿಯಾಗಿತ್ತು. ವಿಕಲಚೇತನರಿಗೆಂದೇ ತಯಾರಾದ ಗಾಡಿಯಾಗಿರಬೇಕು, ಬರೀ ಮಾರ್ಪಡಿಸಿದ್ದು ಆಗುವುದಿಲ್ಲ ಎಂದೇ ಅದರಲ್ಲಿತ್ತು. ಅಂಗಡಿಯ ಸ್ಕೂಟರಿಗೆ ಸೈಡ್ ವೀಲ್ ಹಾಕಿದವರು ಆ ಮಾತಿನ ಹೊರಗೇ ಉಳಿಯುತ್ತಿದ್ದರು. 2019ರ ತಿದ್ದುಪಡಿಯಲ್ಲಿ ಅದರ ಜಾಗಕ್ಕೆ ಅಡಾಪ್ಟೆಡ್ ವೆಹಿಕಲ್ ಬಂತು. ನಮಗೆಂದೇ ತಯಾರಿಸಿದ್ದೂ ಇದರಲ್ಲಿ ಸೇರುತ್ತದೆ, ಆಮೇಲೆ ಮಾರ್ಪಡಿಸಿದ್ದೂ ಸೇರುತ್ತದೆ. ಷರತ್ತು ಒಂದೇ: ಆ ವ್ಯಕ್ತಿಯೇ ಬಳಸಬೇಕು ಅಥವಾ ಆ ವ್ಯಕ್ತಿಗಾಗಿಯೇ ಬಳಸಬೇಕು. ಬಾಡಿಗೆಗೆ ಬಿಡುವ ಹಾಗಿಲ್ಲ.

ಅದೇ ತಿದ್ದುಪಡಿಯ 52(2)ನೇ ಕಲಂ ಇನ್ನೊಂದು ಅನುಕೂಲ ಮಾಡಿಕೊಟ್ಟಿದೆ. ಗಾಡಿಯನ್ನು ಅಡಾಪ್ಟೆಡ್ ಆಗಿ ಮಾರ್ಪಡಿಸಲು ಮೊದಲೇ ಅನುಮತಿ ಬೇಕಿಲ್ಲ, ಮಾಡಿಸಿದ ಮೇಲೆ ಒಪ್ಪಿಗೆ ಪಡೆಯಬಹುದು. ಆದರೆ 14 ದಿನದೊಳಗೆ ನಿಮ್ಮ ವಾಸದ ವ್ಯಾಪ್ತಿಯ ಆರ್‌ಟಿಒಗೆ ತಿಳಿಸಿ, ಆರ್‌ಸಿ ಕೊಟ್ಟು, ಬದಲಾವಣೆ ಬರೆಸಬೇಕು. ಗಾಡಿಯ ಮೇಲೆ ಸಾಲ ಇದ್ದರೆ ಕೆಲಸ ಶುರು ಮಾಡುವ ಮೊದಲೇ ಬ್ಯಾಂಕಿನ ಲಿಖಿತ ಒಪ್ಪಿಗೆ ತಗೊಳ್ಳಿ. ಬರೆಸದೆ ಓಡಿಸಿದರೆ 182ಎ(4) ಪ್ರಕಾರ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಬರೆದಿದ್ದಾರೋ ಇಲ್ಲವೋ ಎಂದು ನೋಡಲು mParivahan ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ Vehicle Class ಎಂಬ ಸಾಲು ಓದಿ. ಅಲ್ಲಿ Adapted Vehicle ಅಂತ ಬಂದಿರಬೇಕು. ಇನ್ನೂ M-Cycle/Scooter ಅಥವಾ Motor Car ಅಂತಲೇ ಇದ್ದರೆ, ಕೈಯಲ್ಲಿ ಎಷ್ಟು ರಸೀದಿ ಇದ್ದರೂ ಕೆಲಸ ಮುಗಿದಿಲ್ಲ.

ಏನೂ ಜೋಡಿಸದ ಆಟೋಮ್ಯಾಟಿಕ್ ಕಾರಿಗೆ ಇದು ಯಾವುದೂ ಬೇಡ. ಕಂಪನಿಯಿಂದ ಬಂದ ಹಾಗೇ ಇರುವುದರಿಂದ ಅದು ಮಾಮೂಲಿ ಮೋಟಾರ್ ಕಾರು. ಎಡಗಾಲಿನ ತೊಂದರೆ ಇರುವವರಿಗೆ ನಾನು ಅದನ್ನೇ ಹೇಳಲು ಇದು ಇನ್ನೊಂದು ಕಾರಣ.

ಮೂರನೆಯದು ಡಿಎಲ್. ಅರ್ಜಿಯ ಜೊತೆ ಕೊಡುವ ಫಾರಂ 1ರಲ್ಲಿ, ಕೈಕಾಲು ಕಳೆದುಕೊಂಡಿದ್ದೀರಾ, ಕೈಕಾಲಿನ ಚಲನೆಯಲ್ಲಿ, ಬಲದಲ್ಲಿ ದೋಷವಿದೆಯಾ ಎಂಬ ಪ್ರಶ್ನೆ ಇದೆ. ಏಜೆಂಟರು ಎಲ್ಲದಕ್ಕೂ ಇಲ್ಲ ಎಂದು ಗೀಟು ಹಾಕಿ ಕಳಿಸುವುದನ್ನು ನೋಡಿದ್ದೇನೆ. ದಯವಿಟ್ಟು ಅದನ್ನು ನೀವೇ ಓದಿ, ಇದ್ದದ್ದನ್ನು ಇದೆ ಎಂದೇ ಬರೆಯಿರಿ. ಸುಳ್ಳು ಘೋಷಣೆಯ ಮೇಲೆ ಪಡೆದ ಡಿಎಲ್ ಕ್ಲೇಮಿನ ದಿನ ನಿಲ್ಲುವುದಿಲ್ಲ. ದೋಷವಿದೆ ಎಂದು ಬರೆದರೆ ಡಿಎಲ್ ಸಿಗುವುದಿಲ್ಲ ಎಂಬ ಭಯ ಬೇಡ. ದೋಷದಿಂದ ಅಪಾಯ ಎನಿಸಿದರೆ ಸಾಮಾನ್ಯ ಲೈಸೆನ್ಸ್ ನಿರಾಕರಿಸಬಹುದು ಎಂದು ಕಾಯ್ದೆ ಹೇಳುವ ಜಾಗದಲ್ಲೇ, ಅಡಾಪ್ಟೆಡ್ ವೆಹಿಕಲ್ ಓಡಿಸಲು ಯೋಗ್ಯರಾಗಿದ್ದರೆ ಆ ವರ್ಗದ ಲೈಸೆನ್ಸ್ ಕೊಡಬಹುದು ಎಂದೂ ಇದೆ. ಡಿಎಲ್ ಮೇಲೆ ಆ ವರ್ಗ ADPVEH ಎಂದು ಬರುತ್ತದೆ. ಹಳೆಯ ಡಿಎಲ್‌ಗಳಲ್ಲಿ ಇನ್‌ವ್ಯಾಲಿಡ್ ಕ್ಯಾರೇಜ್ ಎಂದಿರುವುದು ಅದೇ ವರ್ಗದ ಹಿಂದಿನ ಹೆಸರು.

ಈ ವರ್ಗಕ್ಕೆ ಒಂದು ಮಿತಿ ಇದೆ. ಡಿಎಲ್‌ನಲ್ಲಿ ADPVEH ಮಾತ್ರ ಇದ್ದರೆ ತಮ್ಮನ ಮಾಮೂಲಿ ಆಟೋಮ್ಯಾಟಿಕ್ ಕಾರನ್ನು ಓಡಿಸುವ ಹಾಗಿಲ್ಲ, ನಿಮ್ಮ ಕಾಲು ಅದಕ್ಕೆ ಸಾಲುವಂತಿದ್ದರೂ. ಆ ಕಾರಿನ ಮಟ್ಟಿಗೆ ನೀವು ಲೈಸೆನ್ಸ್ ಇಲ್ಲದವರೇ. ಆದ್ದರಿಂದ ಎಡಗಾಲಿಗೆ ಮಾತ್ರ ತೊಂದರೆ ಇರುವವರು ಶುರುವಿನಲ್ಲೇ ಮಾಮೂಲಿ ಕಾರಿನ ಎಲ್‌ಎಂವಿ ವರ್ಗಕ್ಕೆ ಅರ್ಜಿ ಹಾಕಿ. ಕ್ಲಚ್ ಇಲ್ಲದ ಕಾರು ಓಡಿಸಲು ಯೋಗ್ಯರು ಎಂದು ವೈದ್ಯರಿಂದ ಸ್ಪಷ್ಟವಾಗಿ ಬರೆಸಿಕೊಂಡು, ಆ ಕಾರಿನಲ್ಲೇ ಪರೀಕ್ಷೆ ಕೊಡಿ. ಅಡಾಪ್ಟೆಡ್ ವರ್ಗಕ್ಕೇ ಹಾಕಿ ಎಂದು ಕೌಂಟರಿನಲ್ಲಿ ಹೇಳಿದರೆ ಅಲ್ಲೇ ಅಧಿಕಾರಿಯ ಹತ್ತಿರ ಮಾತಾಡಿ. ಡಿಎಲ್‌ನಲ್ಲಿ ಅಡಾಪ್ಟೆಡ್, ಆರ್‌ಸಿಯಲ್ಲಿ ಮೋಟಾರ್ ಕಾರ್ ಎಂದಾದರೆ ಎರಡಕ್ಕೂ ತಾಳೆಯೇ ಇರುವುದಿಲ್ಲ.

ಅಪಘಾತದಿಂದ ಆಮೇಲೆ ಕಾಲಿಗೆ ತೊಂದರೆಯಾದವರಲ್ಲಿ ಹಳೆಯ ಡಿಎಲ್ ಇನ್ನೂ ಚಾಲ್ತಿಯಲ್ಲಿರುತ್ತದೆ. ಅದನ್ನೇ ನಂಬಿ ಕೂರಬೇಡಿ. ದೈಹಿಕವಾಗಿ ಯೋಗ್ಯರಲ್ಲ ಎನಿಸಿದರೆ ರದ್ದು ಮಾಡುವ ಅಧಿಕಾರ 16ನೇ ಕಲಂನಲ್ಲಿದೆ. ಅದಕ್ಕೆ ಮೊದಲೇ ಹೊಸ ವರ್ಗ ಸೇರಿಸಲು ಅರ್ಜಿ ಹಾಕಿಕೊಳ್ಳುವುದು ಕ್ಷೇಮ.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಒಳಹಳ್ಳಿ. 36 ವರ್ಷದವರು, ಬಲಗಾಲಿಗೆ ಪೋಲಿಯೋ, ಸೊಂಟದವರೆಗೆ ಕ್ಯಾಲಿಪರ್. ಎಡಗಾಲು, ಕೈಗಳು ಗಟ್ಟಿ. ಸೈಡ್ ವೀಲ್ ಸ್ಕೂಟರಿನಲ್ಲಿ ಪೇಟೆಯ ಸೊಸೈಟಿ ಕೆಲಸಕ್ಕೆ ಹೋಗಿಬರುತ್ತಾರೆ, ADPVEH ಇರುವ ಡಿಎಲ್ ಇದೆ. ಈಗ ತಾಯಿಯನ್ನು ಆಗಾಗ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಮಳೆಯಲ್ಲಿ ಸ್ಕೂಟರ್ ಆಗದು, ಕಾರು ಬೇಕು.

ಬಲಗಾಲಿನ ತೊಂದರೆ ಆದ್ದರಿಂದ ಬರೀ ಆಟೋಮ್ಯಾಟಿಕ್ ಸಾಲದು. ಎಡಗಾಲು ಗಟ್ಟಿ ಇದೆ, ಬಲಗಾಲಲ್ಲಿ ಕಾರು ಓಡಿಸಿದ ಹಳೆಯ ಅಭ್ಯಾಸವೂ ಇಲ್ಲ. ಹಾಗಾಗಿ ಎಡಗಾಲಿನ ಆಕ್ಸಿಲರೇಟರ್ ಇವರಿಗೆ ಹೇಳಿ ಮಾಡಿಸಿದ್ದು. ಎರಡೂ ಕೈ ಸ್ಟೀರಿಂಗಿಗೆ ಸಿಗುತ್ತವೆ, ಹ್ಯಾಂಡ್ ಬ್ರೇಕಿಗೆ ಎಡಗೈ ಬಿಡುವಾಗಿರುತ್ತದೆ. ಅಂಗಳದವರೆಗೆ ಮಣ್ಣಿನ ಚಡಾವು ಇರುವುದರಿಂದ ಹಿಲ್ ಹೋಲ್ಡ್ ಇರುವ ಸಣ್ಣ ಕಾರು ಆರಿಸುತ್ತಾರೆ. ಸೀಟು ತೀರಾ ತಗ್ಗಾಗಿರಬಾರದು, ಕ್ಯಾಲಿಪರ್ ಬೀಗ ಬಿಚ್ಚಿ ಕಾಲು ಮಡಚಿ ಒಳಗೆ ಎಳೆದುಕೊಳ್ಳಲು ಬಾಗಿಲು ಅಗಲವಾಗಿ ತೆರೆಯಬೇಕು. ಇದನ್ನು ಶೋರೂಮಿನಲ್ಲೇ ಹತ್ತಿ ಇಳಿದು ನೋಡುತ್ತಾರೆ.

ನೋಂದಣಿ ಫಾರಂ 20ರಲ್ಲಿ ಒಡೆತನದ ಬಗೆ ದಿವ್ಯಾಂಗಜನ ಎಂದು ಡೀಲರ್ ತುಂಬಿದ್ದಾರೆಯೇ ಎಂದು ಸಹಿ ಮಾಡುವ ಮೊದಲೇ ಓದಿಕೊಳ್ಳುತ್ತಾರೆ. ಸಾಲ ಕೊಟ್ಟ ಬ್ಯಾಂಕಿನಿಂದ ಪೆಡಲ್ ಜೋಡಿಸಲು ಒಪ್ಪಿಗೆ ಪತ್ರ ತರುತ್ತಾರೆ. ಕಿಟ್ ಆರಿಸುವಾಗ ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಯ ಅನುಮೋದನೆ ಪತ್ರದ ಪ್ರತಿ ಕೇಳಿ ಇಟ್ಟುಕೊಳ್ಳುತ್ತಾರೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಅಗ್ಗಕ್ಕೆ ಆಗುತ್ತದೆ ಎಂದು ಯಾರೋ ಹೇಳುತ್ತಾರೆ. ಆದರೆ ಆ ಪೆಡಲಿಗೆ ಕಾಗದ ಇರುವುದಿಲ್ಲ, ತಪಾಸಣೆಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ ಮೊದಲು ಕೇಳುವುದೇ ಅದನ್ನು.

ಜೋಡಣೆ ಮುಗಿದ ದಿನದಿಂದ 14 ದಿನದ ಲೆಕ್ಕ ಶುರು. ಬಿಲ್ಲಿನ ಮೇಲಿನ ತಾರೀಕೇ ಅದಕ್ಕೆ ಸಾಕ್ಷಿ, ಆದ್ದರಿಂದ ಕೆಲಸ ಮುಗಿದ ದಿನದ್ದೇ ಬಿಲ್ ಹಾಕಿಸಿಕೊಳ್ಳಬೇಕು. ಪರಿವಾಹನ್ ಸೇವೆಗಳಲ್ಲಿ ಗಾಡಿಯ ಮಾರ್ಪಾಡಿನ ಅರ್ಜಿ ತುಂಬಿ, ಶುಲ್ಕ ಕಟ್ಟಿ, ಕಾರನ್ನು ಶಿವಮೊಗ್ಗ ಆರ್‌ಟಿಒಗೆ ತೋರಿಸಬೇಕು. ತೀರ್ಥಹಳ್ಳಿಯವರಿಗೆ ಕೆಎ-14, ಸಾಗರದ ಕಡೆಯವರಾದರೆ ಕೆಎ-15. ಜೊತೆಯಲ್ಲಿ ಆರ್‌ಸಿ, ಇನ್ಶೂರೆನ್ಸ್, ಕಿಟ್ಟಿನ ಬಿಲ್ ಮತ್ತು ಅನುಮೋದನೆ ಪತ್ರ, ಯುಡಿಐಡಿ, ಬ್ಯಾಂಕಿನ ಒಪ್ಪಿಗೆ, ಜೋಡಿಸಿದ ಪೆಡಲಿನ ಫೋಟೋ ಇರಲಿ. ಶಿವಮೊಗ್ಗದವರೆಗೆ ಕಾರನ್ನು ಲೈಸೆನ್ಸ್ ಇರುವ ಅಣ್ಣ ಮಾಮೂಲಿ ಪೆಡಲಿನಲ್ಲಿ ಓಡಿಸಿಕೊಂಡು ಹೋಗುತ್ತಾರೆ, ಹೊಸ ಪೆಡಲ್ ಮಡಚಿರುತ್ತದೆ.

ಇನ್ನು ಡಿಎಲ್. ADPVEH ಈಗಾಗಲೇ ಇದೆಯಲ್ಲ, ಕಾರಿಗೂ ಅದೇ ಸಾಕಲ್ಲ ಎಂದು ಇವರು ಕೇಳಬಹುದು. ವರ್ಗದ ಹೆಸರು ಒಂದೇ ಇರಬಹುದು. ಆದರೆ ಅಂದು ಅಧಿಕಾರಿ ಯೋಗ್ಯತೆ ನೋಡಿದ್ದು ಸ್ಕೂಟರಿನ ಮೇಲೆ. ಬಲಗಾಲು ಬಾರದವರು ಕಾರಿನ ಪೆಡಲ್ ನಿಭಾಯಿಸುತ್ತಾರೆ ಎಂದು ಯಾರೂ ಪರೀಕ್ಷಿಸಿಲ್ಲ. ನಾನಾದರೆ ಈ ಕಾರಿನ ನಂಬರ್ ತೋರಿಸಿ, ಇದೇ ಕಾರಿನಲ್ಲಿ ಮತ್ತೆ ಪರೀಕ್ಷೆ ಕೊಟ್ಟು ದಾಖಲೆ ಮಾಡಿಸಿಕೊಳ್ಳುತ್ತೇನೆ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ, ಪರೀಕ್ಷೆಗೆ ಕನಿಷ್ಠ 30 ದಿನ ಕಾಯಬೇಕು. ಆ ತಿಂಗಳು ಎಡಗಾಲಿಗೆ ಅಭ್ಯಾಸವಾಗಲು ಹೇಗೂ ಬೇಕು. ಪಕ್ಕದಲ್ಲಿ ಲೈಸೆನ್ಸ್ ಇರುವವರನ್ನು ಕೂರಿಸಿಕೊಂಡು, ಮುಂದೆ ಹಿಂದೆ ಎಲ್ ಬೋರ್ಡ್ ಹಾಕಿ ಓಡಿಸಬೇಕು. 40 ದಾಟಿದವರಾಗಿದ್ದರೆ ಫಾರಂ 1ಎ ವೈದ್ಯಕೀಯ ಪ್ರಮಾಣಪತ್ರ ಕಡ್ಡಾಯ. ಇವರಿಗೆ 36 ಆದರೂ ಅದನ್ನು ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು, ಅಧಿಕಾರಿ ಹೇಗೂ ಕೇಳುತ್ತಾರೆ.

ಆಮೇಲೆ ಇನ್ಶೂರೆನ್ಸ್, ಟೋಲ್, ಮಾರಾಟ

ಆರ್‌ಸಿಯಲ್ಲಿ ವರ್ಗ ಬದಲಾದ ಪ್ರತಿಯನ್ನು ಇನ್ಶೂರೆನ್ಸ್ ಕಂಪನಿಗೆ ಬರಹದಲ್ಲಿ ಕಳಿಸಿ, ಪಾಲಿಸಿಯಲ್ಲಿ ಸೇರಿಸಿದ್ದಕ್ಕೆ ಎಂಡಾರ್ಸ್‌ಮೆಂಟ್ ತಗೊಳ್ಳಿ. ವಿಕಲಚೇತನರಿಗಾಗಿ ಮಾರ್ಪಡಿಸಿದ ಗಾಡಿಗೆ IMT 12 ಎಂಬ ಎಂಡಾರ್ಸ್‌ಮೆಂಟ್ ಇದೆ. ಅದರಲ್ಲಿ ಓನ್ ಡ್ಯಾಮೇಜ್, ಅಂದರೆ ನಿಮ್ಮ ಸ್ವಂತ ಗಾಡಿಯ ಹಾನಿಯ ಭಾಗದ ಪ್ರೀಮಿಯಂಗೆ 50% ರಿಯಾಯಿತಿ. ಮಾರ್ಪಾಡು ಆರ್‌ಸಿಯಲ್ಲಿ ನಮೂದಾಗಿರಬೇಕು ಎಂಬುದೇ ಅದರ ಷರತ್ತು. ಏಜೆಂಟರು ತಾವಾಗಿ ಇದನ್ನು ಹೇಳುವುದು ಅಪರೂಪ, ನೀವೇ ಹೆಸರು ಹಿಡಿದು ಕೇಳಬೇಕು.

ದಾಖಲೆ ತಾಳೆಯಾಗದಿದ್ದರೆ ಏನಾಗುತ್ತದೆ ಎಂಬುದೂ ತಿಳಿದಿರಲಿ. ಎದುರಿನವರಿಗೆ ಪೆಟ್ಟಾದರೆ, ಸರಿಯಾದ ಲೈಸೆನ್ಸ್ ಇರಲಿಲ್ಲ ಎಂದು ಕಂಪನಿ ವಾದಿಸಬಹುದು. ನ್ಯಾಯಾಲಯಗಳು ಅನೇಕ ಸಲ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲು ಮಾಡಲಿ ಎಂದು ಆದೇಶಿಸುತ್ತವೆ. ಆ ವಸೂಲಿ ಬರುವುದು ನಿಮ್ಮ ತೋಟದ ಮೇಲೆಯೇ. ನಿಮ್ಮ ಸ್ವಂತ ಗಾಡಿಯ ರಿಪೇರಿ ಕ್ಲೇಮಂತೂ ನೇರ ತಿರಸ್ಕಾರವಾಗಬಹುದು.

ರಾಷ್ಟ್ರೀಯ ಹೆದ್ದಾರಿಯ ಟೋಲಿನಲ್ಲಿ, 2008ರ ಶುಲ್ಕ ನಿಯಮಗಳ ಪ್ರಕಾರ ವಿಕಲಚೇತನರಿಗೆಂದು ವಿಶೇಷವಾಗಿ ರೂಪಿಸಿದ ಗಾಡಿಗೆ ವಿನಾಯಿತಿ ಇದೆ. ಗೇಟಿನಲ್ಲಿ ಯುಡಿಐಡಿ ಕಾರ್ಡ್ ತೋರಿಸಿ ವಾದ ಮಾಡಿದರೆ ಅದು ಸಿಗುವುದಿಲ್ಲ. ವಿನಾಯಿತಿಯ ಫಾಸ್ಟ್ಯಾಗ್‌ಗೆ ಬೇರೆಯೇ ಅರ್ಜಿ ಹಾಕಬೇಕು, ಅಲ್ಲಿ ನೋಡುವುದೂ ಆರ್‌ಸಿಯಲ್ಲಿರುವ ವರ್ಗವನ್ನೇ.

ಕೊನೆಗೆ ಮಾರುವಾಗ. ಅಡಾಪ್ಟೆಡ್ ವೆಹಿಕಲ್ ಎಂದರೆ ವಿಕಲಚೇತನರ ಬಳಕೆಯದ್ದು ಮಾತ್ರ, ಆದ್ದರಿಂದ ಬೇರೆಯವರಿಗೆ ಮಾರುವ ಮೊದಲು ಕಿಟ್ ಕಳಚಿಸಿ, ಅದನ್ನೂ 14 ದಿನದೊಳಗೆ ಆರ್‌ಟಿಒಗೆ ತೋರಿಸಿ, ವರ್ಗವನ್ನು ಮತ್ತೆ ಮೋಟಾರ್ ಕಾರ್ ಎಂದು ಬದಲಿಸಬೇಕು. ಹಿಂದೆ ಜಿಎಸ್‌ಟಿ ರಿಯಾಯಿತಿಯಲ್ಲಿ ತಗೊಂಡ ಕಾರಾದರೆ 5 ವರ್ಷ ಮಾರುವುದಿಲ್ಲ ಎಂದು ನೀವು ಅಂದು ಬರೆದುಕೊಟ್ಟದ್ದು ಈಗಲೂ ಲೆಕ್ಕಕ್ಕಿರುತ್ತದೆ. ಕಳಚಿದ ಪೆಡಲು, ಗುಂಡು ಹಿಡಿ, ಅವುಗಳ ಅನುಮೋದನೆ ಪತ್ರ ಜೋಪಾನವಾಗಿಟ್ಟರೆ ಮುಂದಿನ ಕಾರು ಅದೇ ಮಾದರಿಯದ್ದಾದಾಗ ಅನೇಕ ಸಲ ಅದನ್ನೇ ಕೂರಿಸಬಹುದು. ಅದಕ್ಕೆ ಮುಂಚೆ ಆ ಅನುಮೋದನೆ ಪತ್ರದಲ್ಲಿ ಹೊಸ ಕಾರಿನ ಮಾದರಿಯ ಹೆಸರು ಇದೆಯೇ ಎಂದು ನೋಡಿಕೊಳ್ಳಿ.